ಪ್ಲಾನ್ ಬರೆಯೋ ಮುಂಚೆ ಏನೇನು ಅಳೆಯಬೇಕು? ಪುಷ್-ಅಪ್, ಬಸ್ಕಿ, ನಡಿಗೆ, ಕೀಲುಗಳ ಸಡಿಲ

ಒಂಟಿಕೊಪ್ಪಲ್ ನಿವಾಸಿ

ಎಲ್ಲರಿಗೂ ನಮಸ್ಕಾರ. ವಯಸ್ಸು 42, ತೂಕ 82 ಕೆಜಿ, ದಿನವಿಡೀ ಕುರ್ಚಿ ಕೆಲಸ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಹೋದ ತಿಂಗಳು 128/82 ಇತ್ತು. ಮನೆ ಹತ್ತಿರದ ಒಂದು ಜಿಮ್ ಸೇರಿದ್ದೇನೆ. ಮೊದಲ ದಿನ ತೂಕ ನೋಡಿದರು, ಕೈಯಲ್ಲಿ ಹಿಡಿದುಕೊಳ್ಳುವ ಮೆಷಿನ್‌ನಲ್ಲಿ ಕೊಬ್ಬು ಎಷ್ಟಿದೆ ಅಂತ ನೋಡಿದರು, ಪ್ರಿಂಟ್ ಹಾಕಿಸಿದ ಕಾರ್ಡ್ ಒಂದನ್ನು ಕೈಗೆ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನಿಗೂ ಅದೇ ಕಾರ್ಡ್.

ನನಗೆ ಏನು ಆಗುತ್ತೆ, ಏನು ಆಗಲ್ಲ ಅಂತ ತಿಳಿದುಕೊಂಡು ಶುರು ಮಾಡೋಣ ಅನ್ನಿಸಿತು. ಮನೆಯಲ್ಲೇ ಒಂದಿಷ್ಟು ನೋಡಿದೆ. ಪುಷ್-ಅಪ್ 14 ಆಯಿತು. ಬಸ್ಕಿ ಹೊಡೆದರೆ ಪೂರ್ತಿ ಕೆಳಗೆ ಹೋಗಲ್ಲ, ಹಿಮ್ಮಡಿ ಎದ್ದುಬಿಡುತ್ತೆ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಬಲ ಕಾಲಿನ ಆ್ಯಂಕಲ್ ಜೋರಾಗಿ ಉಳುಕಿತ್ತು. ನಡಿಗೆ ಇನ್ನೂ ಅಳೆದಿಲ್ಲ.

ಎರಡು ಪ್ರಶ್ನೆ. ಇವನ್ನು ಸರಿಯಾಗಿ ಅಳೆಯೋದು ಹೇಗೆ? ಅಳೆದ ಮೇಲೆ ಬಂದ ಸಂಖ್ಯೆಯಿಂದ ಪ್ಲಾನ್ ಹೇಗೆ ಬದಲಾಗಬೇಕು? ಎರಡನೆಯದಕ್ಕೆ ಎಲ್ಲೂ ಉತ್ತರ ಸಿಕ್ಕಿಲ್ಲ.

ಸುಮ್ನೆ ಓಡು

ಗುರು, ಇಷ್ಟೆಲ್ಲ ಪರೀಕ್ಷೆ ಯಾಕೆ? ನಾಳೆ ಬೆಳಿಗ್ಗೆ ಎದ್ದು ಶುರು ಮಾಡಿ. ಎರಡು ವಾರದಲ್ಲಿ ದೇಹವೇ ಹೇಳುತ್ತೆ.

ಶಿವಮೊಗ್ಗ ಫಿಸಿಯೋ

ದೇಹ ಹೇಳುತ್ತೆ, ನಿಜ. ಆದರೆ ಮಂಡಿ ಊದಿಸಿಕೊಂಡೋ ಭುಜ ಹಿಡಿಸಿಕೊಂಡೋ ಹೇಳುತ್ತೆ. ಆಮೇಲೆ ನನ್ನ ಕ್ಲಿನಿಕ್‌ಗೆ ಬರುತ್ತಾರೆ.

ನಿವಾಸಿ ಸಾರ್, ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಯಾವ ಟೆಸ್ಟ್ ಮಾಡುವ ಮುಂಚೆಯೂ ಒಂದು ಮಾತು ಕೇಳಿಕೊಳ್ಳಿ: ಉತ್ತರ ಕಡಿಮೆ ಬಂದರೆ ಪ್ಲಾನ್‌ನಲ್ಲಿ ಏನು ಬದಲಿಸುತ್ತೇನೆ, ಜಾಸ್ತಿ ಬಂದರೆ ಏನು ಬದಲಿಸುತ್ತೇನೆ? ಎರಡಕ್ಕೂ ಪ್ಲಾನ್ ಅದೇ ಇರುತ್ತೆ ಅಂದರೆ ಆ ಟೆಸ್ಟೇ ಬೇಡ. ನಿಮ್ಮ ಕೊಬ್ಬಿನ ಮೆಷಿನ್ ಅಂಥದ್ದು. ನೀರು ಕುಡಿದು ಹಿಡಿದರೆ ಒಂದು, ಕುಡಿಯದೆ ಹಿಡಿದರೆ ಇನ್ನೊಂದು ತೋರಿಸುತ್ತೆ. ಎಷ್ಟು ತೋರಿಸಿದರೂ ನಿಮಗೆ ಸಿಗೋದು ಅದೇ ಕಾರ್ಡ್.

ಅದಕ್ಕೂ ಮುಂಚೆ ಕೆಲವು ಪ್ರಶ್ನೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಾ? ತಲೆ ಸುತ್ತಿ ಬಿದ್ದದ್ದು ಇದೆಯಾ? ಸುಮ್ಮನೆ ಕೂತಾಗಲೂ ಉಬ್ಬಸ ಬರುತ್ತಾ? ಯಾವುದಾದರೂ ಮಾತ್ರೆ ನಡೆಯುತ್ತಿದೆಯಾ? ಒಂದಕ್ಕೆ ಹೌದು ಅಂದರೂ ಮೊದಲು ಡಾಕ್ಟರ್, ಆಮೇಲೆ ಪುಷ್-ಅಪ್.

ಎಲ್ಲಕ್ಕೂ ಇಲ್ಲ ಅಂದರೆ ಮುಂದೆ ಹೋಗಿ. ಮೊದಲು ಕೀಲುಗಳು ಎಷ್ಟು ಸಡಿಲ ಇವೆ ಅಂತ ನೋಡಿ, ಆಮೇಲೆ ಬಸ್ಕಿ, ಕೊನೆಗೆ ಪುಷ್-ಅಪ್. ನಡಿಗೆ ಬೇರೆ ದಿನ ಇರಲಿ. ಸುಸ್ತಾದ ಕಾಲಲ್ಲಿ ನಡೆದರೆ ನಾಡಿಬಡಿತ ಸುಳ್ಳು ಹೇಳುತ್ತೆ.

ಪುಷ್-ಅಪ್ ಇನ್ನೊಮ್ಮೆ ಎಣಿಸಿ. ಫೋನನ್ನು ನೆಲದ ಮೇಲೆ ಪಕ್ಕಕ್ಕೆ ನಿಲ್ಲಿಸಿ ವಿಡಿಯೋ ಮಾಡಿ. ಎದೆ ಕೆಳಗೆ ಮುಷ್ಟಿಯಷ್ಟು ಎತ್ತರಕ್ಕೆ ಟವೆಲ್ ಸುತ್ತಿ ಇಡಿ. ಪ್ರತಿ ಸಲ ಎದೆ ಅದಕ್ಕೆ ತಾಗಬೇಕು, ಮೇಲೆ ಬಂದಾಗ ಮೊಣಕೈ ಪೂರ್ತಿ ನೇರ ಆಗಬೇಕು. ಸೊಂಟ ಜೋತು ಬಿದ್ದ ಕ್ಷಣ ಎಣಿಕೆ ನಿಂತಿತು. ಮೇಲೆ ನಿಂತು ಸುಧಾರಿಸಿಕೊಂಡರೂ ಅಷ್ಟೆ.

ಡೇಟಾ ದೊರೆ

ಪುಷ್-ಅಪ್ ಒಂದೇ ಸಾಕು ಅಲ್ವಾ? ಅಮೆರಿಕದಲ್ಲಿ ದೊಡ್ಡ ಅಧ್ಯಯನ ಆಗಿದೆ. 40ಕ್ಕಿಂತ ಜಾಸ್ತಿ ಹೊಡೆಯುವವರಿಗೆ ಹೃದಯದ ತೊಂದರೆ 96 ಶೇಕಡಾ ಕಡಿಮೆ. ಹಾಗಾಗಿ ಗುರಿ 40 ಅಂತ ಇಟ್ಟುಕೊಂಡು ದಿನಾ ಹೊಡೀತಾ ಹೋಗಿ. ಟ್ರೆಡ್‌ಮಿಲ್ ಟೆಸ್ಟ್‌ಗಿಂತ ಪುಷ್-ಅಪ್ ಚೆನ್ನಾಗಿ ಹೇಳುತ್ತೆ ಅಂತಾನೂ ಓದಿದ್ದೆ.

ಶಿವಮೊಗ್ಗ ಫಿಸಿಯೋ

ಅಧ್ಯಯನ ಇದೆ, 2019ರದ್ದು. ಸಂಖ್ಯೆಯೂ ಸರಿ. ಆದರೆ ಅವರು ನೋಡಿದ್ದು ಸಾವಿರ ಚಿಲ್ಲರೆ ಅಗ್ನಿಶಾಮಕ ಸಿಬ್ಬಂದಿಯನ್ನು. ಎಲ್ಲರೂ ಗಂಡಸರು, ಎಲ್ಲರೂ ಕೆಲಸದಲ್ಲಿದ್ದವರು. ಹೋಲಿಸಿದ್ದು 40 ದಾಟಿದವರನ್ನು ಹತ್ತೂ ಆಗದವರ ಜೊತೆ. 40 ಹೊಡೆಯುವವನ ತೂಕ ಹದ್ದುಬಸ್ತಿನಲ್ಲಿರುತ್ತೆ, ಬಿಪಿ ಚೆನ್ನಾಗಿರುತ್ತೆ, ಓಡುತ್ತಲೂ ಇರುತ್ತಾನೆ. ಆ ಸಂಖ್ಯೆ ಅವನ ಒಟ್ಟು ಆರೋಗ್ಯದ ಗುರುತು. ಹದಿನಾಲ್ಕರಿಂದ 40ಕ್ಕೆ ಏರಿಸಿದರೆ ಹೃದಯ ಉಳಿಯುತ್ತೆ ಅಂತ ಆ ಅಧ್ಯಯನ ತೋರಿಸಿಲ್ಲ. ಬೆಂಗಳೂರಿನ ಕುರ್ಚಿ ಕೆಲಸದವರಿಗೆ, ಹೆಂಗಸರಿಗೆ ಅದನ್ನು ಹಾಗೇ ಅಂಟಿಸೋಕೂ ಬರಲ್ಲ.

ಡೇಟಾ ದೊರೆ

ಸರಿ, ಕಾರಣ ಬೇರೆ, ಗುರುತು ಬೇರೆ. ಆದರೂ ಒಳ್ಳೆ ಗುರುತು ಅಂತ ಒಪ್ಪಿಕೊಳ್ಳಿ ಸಾರ್.

ಧಾರವಾಡದ ಪೇಡಾ

ನೀವೆಲ್ಲ ಹದಿನಾಲ್ಕು, 40 ಅಂತ ಮಾತಾಡ್ತಿದ್ದೀರಿ. ನನ್ನದು ಸೊನ್ನೆ ನೋಡ್ರಿ. ನೆಲದ ಮೇಲೆ ಒಂದೂ ಆಗಲ್ಲ. ಸೊನ್ನೆ ಅಂತ ಬರೆದಿಟ್ಟು ಪ್ಲಾನ್ ಹೆಂಗ ಮಾಡೋದು? ಮಂಡಿ ಊರಿ ಹೊಡೀರಿ ಅಂತ ನಮ್ಮ ಜಿಮ್ಮಿನಾಕಿ ಹೇಳಿದಳು.

ಶಿವಮೊಗ್ಗ ಫಿಸಿಯೋ

ಮೇಡಂ, ಸೊನ್ನೆ ಅಂದರೆ ನಿಮಗೆ ಬಲ ಇಲ್ಲ ಅಂತಲ್ಲ, ಆ ಟೆಸ್ಟ್ ನಿಮ್ಮನ್ನು ಅಳೆಯೋಕೆ ಸರಿಹೋಗಲಿಲ್ಲ ಅಂತ. ನೆಲದ ಪುಷ್-ಅಪ್‌ನಲ್ಲಿ ಮೈತೂಕದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕೈ ಮೇಲೆ ಬೀಳುತ್ತೆ. ಮಂಡಿ ಊರಿದರೆ ಸುಮಾರು ಅರ್ಧ. ಎರಡು ಅಡಿ ಎತ್ತರದ ಗಟ್ಟಿ ಮೇಜಿನ ಮೇಲೆ ಕೈ ಇಟ್ಟರೆ ಅದಕ್ಕೂ ಕಡಿಮೆ, ಐದರಲ್ಲಿ ಎರಡು ಪಾಲು.

ಮನೆಯಲ್ಲಿ ಮೆಟ್ಟಿಲು ಇದ್ದರೆ ನಾಲ್ಕನೇ ಮೆಟ್ಟಿಲಿಗೆ ಕೈ ಇಟ್ಟು ನೋಡಿ. ಚೊಕ್ಕವಾಗಿ ಐದರಿಂದ ಹನ್ನೆರಡರೊಳಗೆ ಆಗುವ ಮೆಟ್ಟಿಲು ಯಾವುದು ಅಂತ ಹುಡುಕಿ. "ಮೂರನೇ ಮೆಟ್ಟಿಲು, 8" ಅಂತ ಬರೆದಿಡಿ. ಅದೇ ನಿಮ್ಮ ಅಳತೆ. ಹನ್ನೆರಡು ದಾಟಿದರೆ ಒಂದು ಮೆಟ್ಟಿಲು ಕೆಳಗೆ ಬನ್ನಿ.

ಜಿಮ್ ಕೋಚ್ ಹಾಸನ

ಇಲ್ಲಿ ನನ್ನದು ಸ್ವಲ್ಪ ತಕರಾರು ಇದೆ. ಹೆಂಗಸರಿಗೆ ವಯಸ್ಸಿನ ಪ್ರಕಾರ ಇರುವ ಕೋಷ್ಟಕಗಳು ಸಾಮಾನ್ಯವಾಗಿ ಮಂಡಿ ಊರಿದ ಪುಷ್-ಅಪ್‌ಗೆ ಮಾಡಿದವು. ಮೆಟ್ಟಿಲಲ್ಲಿ ಅಳೆದರೆ ಯಾರ ಜೊತೆಗೂ ಹೋಲಿಸೋಕೆ ಆಗಲ್ಲ. ಒಂದೊಂದು ಮನೆ ಮೆಟ್ಟಿಲು ಒಂದೊಂದು ಎತ್ತರ.

ಶಿವಮೊಗ್ಗ ಫಿಸಿಯೋ

ಅದೂ ನಿಜ. ಬೇರೆಯವರ ಜೊತೆ ಹೋಲಿಸಬೇಕಾದರೆ ಮಂಡಿ ಊರಿಯೇ ಮಾಡಬೇಕು. ತಮ್ಮನ್ನು ತಾವೇ ಹೋಲಿಸಿಕೊಳ್ಳೋರಿಗೆ ಮೆಟ್ಟಿಲು ವಾಸಿ. ಮಂಡಿಯಿಂದ ನೆಲಕ್ಕೆ ಹಾರೋದು ದೊಡ್ಡ ಹಾರಾಟ, ಮಧ್ಯೆ ಹಿಡಿದುಕೊಳ್ಳೋಕೆ ಏನೂ ಇಲ್ಲ.

ಧಾರವಾಡದ ಪೇಡಾ

ಮೆಟ್ಟಿಲೇ ಇರಲಿ ಬಿಡ್ರಿ. ಯಾರ ಜೊತೆ ಹೋಲಿಸಿ ನನಗೇನು ಆಗಬೇಕಾಗಿದೆ.

ತುಮಕೂರು ಅಜ್ಜಿ

ನಾನೂ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಡೀತೀನಿ ಮಕ್ಕಳೇ. ವಯಸ್ಸು 63. ಸಕ್ಕರೆ ಇಳಿಯೋಕೆ ಊಟಕ್ಕೆ ಮುಂಚೆ ನಡೀಬೇಕಾ, ಆದಮೇಲೆ ನಡೀಬೇಕಾ? ಚಪ್ಪಲಿ ಹಾಕಿಕೊಂಡು ನಡೆದರೆ ನಡೆಯುತ್ತಾ?

ಸುಮ್ನೆ ಓಡು

ಅಮ್ಮ, ಇಲ್ಲಿ ಚರ್ಚೆ ಅದಲ್ಲ. ಪ್ಲಾನ್‌ಗೆ ಮುಂಚೆ ಟೆಸ್ಟ್ ಮಾಡೋ ವಿಷಯ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.

ಒಂಟಿಕೊಪ್ಪಲ್ ನಿವಾಸಿ

ವಿಡಿಯೋ ಮಾಡಿ ನೋಡಿದೆ. ಟವೆಲ್ ಇಟ್ಟು ಎಣಿಸಿದರೆ 14 ಅಲ್ಲ, 7. ಎಂಟನೆಯದರಲ್ಲಿ ಸೊಂಟ ಮೊದಲು ಏಳುತ್ತೆ, ಎದೆ ಆಮೇಲೆ ಬರುತ್ತೆ.

ಬಸ್ಕಿಯಲ್ಲಿ ತೊಡೆ ನೆಲಕ್ಕೆ ಸಮಾನಾಂತರ ಆಗುವ ಮುಂಚೆಯೇ ಬಲ ಹಿಮ್ಮಡಿ ಏಳುತ್ತೆ, ಮುಂದಕ್ಕೆ ವಾಲಿಬಿಡ್ತೀನಿ. ಕಿಟಕಿ ಸರಳು ಹಿಡಿದುಕೊಂಡರೆ ಮಾತ್ರ ಪೂರ್ತಿ ಕೆಳಗೆ ಹೋಗ್ತೀನಿ, ಹಿಮ್ಮಡಿಯೂ ನೆಲದಲ್ಲೇ ಇರುತ್ತೆ.

ಡೇಟಾ ದೊರೆ

ಹಾಗಾದರೆ ಸುಲಭ. ಹಿಡಿದುಕೊಂಡರೆ ಕೆಳಗೆ ಹೋಗ್ತೀರಿ ಅಂದರೆ ಕೀಲುಗಳೆಲ್ಲ ಸರಿಯಾಗಿವೆ. ಕಾಲಲ್ಲಿ ಬಲ ಇಲ್ಲ ಅಷ್ಟೆ. ಲೆಗ್ ಪ್ರೆಸ್ ಮಾಡಿ, ಸರಿ ಹೋಗುತ್ತೆ.

ಶಿವಮೊಗ್ಗ ಫಿಸಿಯೋ

ಇಲ್ಲೇ ತುಂಬ ಜನ ಎಡವುವುದು. ಅರ್ಧ ಸರಿ ಇದೆ. ಸೊಂಟದ ಕೀಲು, ಮಂಡಿ ಅಷ್ಟು ಮಡಿಸುತ್ತವೆ ಅಂತ ಅದರಿಂದ ಗೊತ್ತಾಯಿತು. ಆ್ಯಂಕಲ್ ಬಗ್ಗೆ ಏನೂ ಗೊತ್ತಾಗಲಿಲ್ಲ.

ಕಾರಣ ಹೇಳ್ತೀನಿ. ಕಿಟಕಿ ಹಿಡಿದುಕೊಂಡಾಗ ನೀವು ಹಿಂದಕ್ಕೆ ಜೋತು ಬೀಳ್ತೀರಿ. ಮೊಣಕಾಲಿನ ಕೆಳಗಿನ ಭಾಗ ಹೆಚ್ಚುಕಡಿಮೆ ನೇರವಾಗಿ ನಿಲ್ಲುತ್ತೆ. ಮಂಡಿ ಪಾದದ ಮುಂದಕ್ಕೆ ಬಾಗಲೇಬೇಕಾಗಿಲ್ಲ. ಅಂದರೆ ಆ್ಯಂಕಲ್‌ಗೆ ಕೆಲಸವೇ ಇಲ್ಲ. ಕೈಬಿಟ್ಟರೆ ಹಿಂದಕ್ಕೆ ಬೀಳಬಾರದಲ್ಲ, ಆಗ ಮಂಡಿ ಮುಂದೆ ಹೋಗಲೇಬೇಕು. ಆ್ಯಂಕಲ್ ಬಿಗಿ ಇದ್ದರೆ ಮುಂದೆ ಹೋಗಲ್ಲ, ಹಿಮ್ಮಡಿ ಎದ್ದು ಜಾಗ ಮಾಡಿಕೊಡುತ್ತೆ.

ಇನ್ನು ಎರಡು ಕೆಲಸ ಮಾಡಿ. ಒಂದು, ಎರಡೂ ಹಿಮ್ಮಡಿ ಕೆಳಗೆ ಒಂದು ಇಂಚು ದಪ್ಪದ, ಅಲ್ಲಾಡದ ಹಲಗೆ ಇಟ್ಟು ಕೈ ಬಿಟ್ಟು ಬಸ್ಕಿ ಹೊಡೆಯಿರಿ. ಎರಡು, ಗೋಡೆಗೆ ಎದುರಾಗಿ ಒಂದು ಪಾದ ಮುಂದಿಟ್ಟು ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದ ಸ್ವಲ್ಪ ಹಿಂದೆ ಸರಿಸಿ ಮತ್ತೆ ತಾಗಿಸಿ. ಇನ್ನು ಆಗಲ್ಲ ಅನ್ನುವ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಅಂತ ಟೇಪ್ ಹಿಡಿಯಿರಿ. ಹಿಮ್ಮಡಿ ಕೆಳಗೆ ಒಂದು ಕಾಗದದ ಚೂರು ಇಟ್ಟು ಮನೆಯವರಿಗೆ ಎಳೆಯೋಕೆ ಹೇಳಿ. ಕಾಗದ ಜಾರಿ ಬಂದರೆ ಹಿಮ್ಮಡಿ ಎದ್ದಿದೆ, ಆ ಅಳತೆ ಬಿಡಿ. ಮಂಡಿ ಒಳಗೆ ವಾಲಬಾರದು, ಎರಡನೇ ಬೆರಳಿನ ನೇರಕ್ಕೇ ಹೋಗಬೇಕು. ಎರಡೂ ಕಾಲು ನೋಡಿ.

ಇನ್ನೊಂದು ಮುಖ್ಯ. ಕೊನೆಯಲ್ಲಿ ಎಲ್ಲಿ ಹಿಡಿಯುತ್ತೆ ಅಂತ ಗಮನಿಸಿ. ಹಿಂದೆ ಮೀನಖಂಡದಲ್ಲಿ ಎಳೀತಾ, ಇಲ್ಲ ಮುಂದೆ ಆ್ಯಂಕಲ್ ಮಡಿಕೆಯಲ್ಲಿ ಚುಚ್ಚುತ್ತಾ?

ಗರಡಿ ಹುಡುಗ

ದಾವಣಗೆರೆಯಿಂದ ಒಂದು ಮಾತು. ನಮ್ಮ ಗರಡಿಯಲ್ಲಿ ಬಸ್ಕಿ ಹೊಡೆಯುವಾಗ ಹಿಮ್ಮಡಿ ಏಳೋದೇ ಪದ್ಧತಿ. ಕೆಳಗೆ ಹೋದಾಗ ಮುಂಗಾಲ ಮೇಲೆ ಕೂರ್ತೀವಿ, ಕೈ ಬೀಸಿ ಎದ್ದೇಳ್ತೀವಿ. ನೂರಾರು ಹೊಡೆಯುವ ಪೈಲ್ವಾನರೂ ಹಾಗೇ. ಹಿಮ್ಮಡಿ ಎದ್ದರೆ ದೋಷ ಅಂತ ಹೇಳೋದು ಯಾವ ಲೆಕ್ಕ?

ಶಿವಮೊಗ್ಗ ಫಿಸಿಯೋ

ಒಳ್ಳೆ ಪ್ರಶ್ನೆ. ಹಿಮ್ಮಡಿ ಏಳೋದು ದೋಷ ಅಲ್ಲ. ನೀವು ಬೇಕು ಅಂತ ಎತ್ತುತ್ತೀರಿ, ಎರಡೂ ಒಟ್ಟಿಗೆ ಏಳುತ್ತವೆ, ಹೆಗಲ ಮೇಲೆ ಭಾರ ಇಲ್ಲ. ಇವರದ್ದು ಬೇಡ ಅಂದರೂ ಏಳುತ್ತೆ, ಅದೂ ಒಂದೇ ಕಡೆ. ಜಿಮ್ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಬಾರ್‌ಬೆಲ್ ಬಸ್ಕಿ ಇರುತ್ತೆ. ಹೆಗಲ ಮೇಲೆ 40 ಕೆಜಿ ಇದ್ದಾಗ ಒಂದು ಹಿಮ್ಮಡಿ ಎದ್ದರೆ ಭಾರವೆಲ್ಲ ಇನ್ನೊಂದು ಕಡೆಗೆ ಓರೆ ಆಗುತ್ತೆ.

ಗರಡಿ ಹುಡುಗ

ಓರೆ ಆಗೋದು ತಪ್ಪು, ಒಪ್ಪಿದೆ. ಆದರೆ ಆಳ ಇಲ್ಲದ ಬಸ್ಕಿ ಬಸ್ಕಿಯೇ ಅಲ್ಲ. ಅದರಲ್ಲಿ ನಾನು ರಾಜಿ ಇಲ್ಲ.

ಒಂಟಿಕೊಪ್ಪಲ್ ನಿವಾಸಿ

ಅಳತೆ ಸಿಕ್ಕಿತು. ಹಲಗೆ ಇಟ್ಟು ಕೈಬಿಟ್ಟು ಹೊಡೆದರೆ ತೊಡೆ ಸಮಾನಾಂತರಕ್ಕಿಂತ ಕೆಳಗೆ ಹೋಗುತ್ತೆ. ನನಗೇ ಆಶ್ಚರ್ಯ. ಗೋಡೆ ಟೆಸ್ಟ್‌ನಲ್ಲಿ ಎಡ 9.5 ಸೆಂ.ಮೀ, ಬಲ 5. ಹೆಂಡತಿ ಕಾಗದ ಎಳೆದು ಎರಡು ಸಲ ನನ್ನನ್ನು ಹಿಡಿದುಹಾಕಿದಳು. ಎಡಗಾಲಲ್ಲಿ ಹಿಂದೆ ಎಳೆಯುತ್ತೆ. ಬಲಗಾಲಲ್ಲಿ ಎಳೆತ ಇಲ್ಲವೇ ಇಲ್ಲ, ಮುಂದೆ ಏನೋ ಅಡ್ಡ ಬಂದ ಹಾಗೆ ನಿಂತುಬಿಡುತ್ತೆ.

ಶಿವಮೊಗ್ಗ ಫಿಸಿಯೋ

ಈಗ ಚಿತ್ರ ಸ್ಪಷ್ಟ ಆಯಿತು. ಹಲಗೆ ಇಟ್ಟಾಗ ಆಳ ಸಿಕ್ಕಿದೆ, ಗೋಡೆ ಟೆಸ್ಟ್ ಬಲಗಡೆ ಕಡಿಮೆ ತೋರಿಸಿದೆ. ಎರಡೂ ಒಂದೇ ಕಡೆ ಕೈ ತೋರಿಸುತ್ತಿವೆ. ಹಲಗೆ ಒಂದನ್ನೇ ನಂಬಬಾರದು, ಯಾಕೆಂದರೆ ಹಿಮ್ಮಡಿ ಎತ್ತರ ಮಾಡಿದರೆ ಎಲ್ಲರಿಗೂ ಸ್ವಲ್ಪ ಸಲೀಸಾಗುತ್ತೆ. ಗೋಡೆ ಟೆಸ್ಟ್‌ನಲ್ಲಿ ಸುಮಾರು 10 ಸೆಂ.ಮೀ ಇದ್ದರೆ ಸಾಮಾನ್ಯವಾಗಿ ಸಾಕು. ಎರಡು ಕಾಲಿನ ನಡುವೆ ಒಂದೂವರೆ, ಎರಡು ಸೆಂ.ಮೀ ವ್ಯತ್ಯಾಸ ಇದ್ದರೂ ಗಮನಿಸಬೇಕು. ನಿಮ್ಮದು ನಾಲ್ಕೂವರೆ.

ಮುಂದೆ ಅಡ್ಡ ಬರೋದು ಕೀಲಿನದ್ದೇ ತಡೆ ಇರಬಹುದು. ಹಾಗಿದ್ದರೆ ದಿನವಿಡೀ ಮೀನಖಂಡ ಎಳೆದರೂ ಹೆಚ್ಚೇನೂ ಸಿಗಲ್ಲ. ಹಳೇ ಉಳುಕು ಬೇರೆ ಇದೆ. ಹತ್ತಿರದ ಫಿಸಿಯೋ ಹತ್ತಿರ ಒಂದು ಸಲ ಕೈಯಿಂದ ಪರೀಕ್ಷೆ ಮಾಡಿಸಿ. ಬರೀ ಬರಹದಲ್ಲಿ ಇದನ್ನು ನಾನು ತೀರ್ಮಾನ ಮಾಡಲ್ಲ.

ಜಿಮ್ ಕೋಚ್ ಹಾಸನ

ಸಾರ್, ಇದಕ್ಕೆ ಎಫ್‌ಎಂಎಸ್ ಅಂತ ಸಿದ್ಧ ಪದ್ಧತಿ ಇದೆಯಲ್ಲ. ಏಳು ಚಲನೆ, ಒಂದೊಂದಕ್ಕೆ ಮೂರು ಅಂಕ, ಒಟ್ಟು 21. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಾಯದ ಅಪಾಯ ಅಂತ ಕೋರ್ಸ್‌ನಲ್ಲಿ ಕಲಿಸಿದರು. ನಾನು ಎಲ್ಲರಿಗೂ ಅದನ್ನೇ ಮಾಡಿಸ್ತೀನಿ.

ಶಿವಮೊಗ್ಗ ಫಿಸಿಯೋ

14ರ ಗೆರೆ ಬಂದದ್ದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರ ಒಂದು ಸಣ್ಣ ಗುಂಪಿನಿಂದ, 2007ರಲ್ಲಿ. ಆಮೇಲೆ ಬೇರೆ ಗುಂಪುಗಳಲ್ಲಿ ನೋಡಿದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಚಲನೆ ನೋಡೋಕೆ ಅದು ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಒಟ್ಟು ಮೊತ್ತ ಮಾಡಿದ ತಕ್ಷಣ ಬಲ ಆ್ಯಂಕಲ್ ಕಳೆದುಹೋಗುತ್ತೆ. ಇವರಿಗೂ 14, ಭುಜ ಬಿಗಿ ಇರುವ ಇನ್ನೊಬ್ಬರಿಗೂ 14. ಇಬ್ಬರಿಗೂ ಒಂದೇ ವ್ಯಾಯಾಮ ಕೊಡ್ತೀರಾ?

ಜಿಮ್ ಕೋಚ್ ಹಾಸನ

ಮೊತ್ತ ನೋಡಿ ಕೊಡಲ್ಲ, ಪ್ರತಿ ಚಲನೆ ನೋಡಿಯೇ ಕೊಡ್ತೀನಿ. ಆದರೆ ಹೊಸಬರಿಗೆ ಒಂದು ಅಂಕ ತೋರಿಸಿದರೆ ಮನಸ್ಸಿಗೆ ನಾಟುತ್ತೆ. ಅದನ್ನು ಬಿಡೋಕೆ ನನಗೆ ಇಷ್ಟ ಇಲ್ಲ.

ಒಂಟಿಕೊಪ್ಪಲ್ ನಿವಾಸಿ

ನಡಿಗೆಗೆ ಏನು ಮಾಡಲಿ? ಆರು ನಿಮಿಷ ನಡೆಯೋದು, ಒಂದು ಮೈಲಿ ನಡೆಯೋದು, ಹನ್ನೆರಡು ನಿಮಿಷ ಓಡೋದು ಅಂತ ಏನೇನೋ ಸಿಕ್ಕಿತು.

ಶಿವಮೊಗ್ಗ ಫಿಸಿಯೋ

ಹನ್ನೆರಡು ನಿಮಿಷದ ಓಟ ಬೇಡ. ವರ್ಷಗಟ್ಟಲೆ ಓಡದವರನ್ನು ಮೊದಲ ದಿನವೇ ಪೂರ್ತಿ ದಮ್ಮು ಕಟ್ಟಿ ಓಡಿಸಬಾರದು. ಆರು ನಿಮಿಷದ್ದು ಕಾಯಿಲೆಯವರಿಗೆ, ವಯಸ್ಸಾದವರಿಗೆ ಚೆನ್ನ. ನಿಮಗೆ ಮೈಲಿ ನಡಿಗೆ ಸರಿ. 400 ಮೀಟರ್ ಟ್ರ್ಯಾಕ್ ಇದ್ದರೆ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್. ಓಡಬಾರದು, ಆದಷ್ಟು ಬಿರುಸಾಗಿ ನಡೀಬೇಕು. ಒಂದೇ ವೇಗ ಇರಲಿ, ಕೊನೇ ಸುತ್ತಲ್ಲಿ ಜಿಗಿಯಬೇಡಿ. ಮುಗಿದ ತಕ್ಷಣ ಕತ್ತಿನ ಪಕ್ಕ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತು ನೀರು ಕುಡಿದು ಎಣಿಸಿದರೆ ಅಷ್ಟರಲ್ಲಿ ಇಳಿದಿರುತ್ತೆ.

ಒಂಟಿಕೊಪ್ಪಲ್ ನಿವಾಸಿ

ಟ್ರ್ಯಾಕ್‌ನಲ್ಲಿ ನಡೆದೆ. 17 ನಿಮಿಷ 10 ಸೆಕೆಂಡ್. ನಾಡಿ 138.

ಡೇಟಾ ದೊರೆ

ಬಂತು ನನ್ನ ಸರದಿ. ರಾಕ್‌ಪೋರ್ಟ್ ಸೂತ್ರ:

```
VO2max = 132.853 - 0.0769*W - 0.3877*A + 6.315*S - 3.2649*T - 0.1565*H
```

VO2max ಅಂದರೆ ಪೂರ್ತಿ ಶ್ರಮ ಹಾಕಿದಾಗ ದೇಹ ಎಷ್ಟು ಆಮ್ಲಜನಕ ಬಳಸಿಕೊಳ್ಳುತ್ತೆ ಅನ್ನೋದು, ದಮ್ಮಿನ ಅಳತೆ. W ತೂಕ, ಪೌಂಡ್‌ನಲ್ಲಿ. A ವಯಸ್ಸು. S ಗಂಡಸಿಗೆ 1, ಹೆಂಗಸಿಗೆ 0. T ನಿಮಿಷ, H ನಾಡಿ. 82 ಕೆಜಿ ಅಂದರೆ 180.8 ಪೌಂಡ್. 17 ನಿಮಿಷ 10 ಸೆಕೆಂಡ್ ಅಂದರೆ 17.17, ಇದನ್ನು 17.10 ಅಂತ ಹಾಕಬೇಡಿ. ಉತ್ತರ 31.3. ನಲವತ್ತರ ಆಸುಪಾಸಿನ ಗಂಡಸಿಗೆ ಸರಾಸರಿಗಿಂತ ಕೆಳಗೆ.

ತುಮಕೂರು ಅಜ್ಜಿ

ನನ್ನ ಮಗನ ಕೈಲಿ ಇದೇ ಲೆಕ್ಕ ಹಾಕಿಸಿದೆ. 64 ಕೆಜಿ, 19 ನಿಮಿಷ, ನಾಡಿ 92. 21 ಬಂತು. ನಾಡಿ ಇಷ್ಟು ಕಡಿಮೆ ಇದ್ದರೆ ಹೃದಯ ಗಟ್ಟಿ ಇದೆ ಅಂತ ಮಗ ಹೇಳ್ದ. ನಡೆದಾಗ ಏದುಸಿರು ಮಾತ್ರ ಬಂದಿತ್ತು. ಬಿಪಿಗೆ ಮೆಟೊಪ್ರೊಲಾಲ್ ತಗೊಳ್ತೀನಿ.

ಶಿವಮೊಗ್ಗ ಫಿಸಿಯೋ

ಅಮ್ಮ, ನೀವು ಬರೆದ ಕೊನೇ ಸಾಲು ಇಲ್ಲಿ ಎಲ್ಲರಿಗೂ ಬೇಕಾದದ್ದು. ಆ ಮಾತ್ರೆಯ ಕೆಲಸವೇ ನಾಡಿ ಏರದಂತೆ ತಡೆಯೋದು. ಏದುಸಿರು ಬರುವಷ್ಟು ನಡೆದರೂ ನಾಡಿ 92ರಲ್ಲೇ ನಿಂತಿದ್ದು ಅದಕ್ಕೇ. ಸೂತ್ರಕ್ಕೆ ಮಾತ್ರೆ ಗೊತ್ತಿಲ್ಲ. ಮಾತ್ರೆ ಇಲ್ಲದೆ ನಾಡಿ 120 ಬಂದಿತ್ತು ಅಂದುಕೊಳ್ಳಿ, ಅದೇ ನಡಿಗೆಗೆ ಉತ್ತರ 17ಕ್ಕೆ ಇಳಿಯುತ್ತೆ. ಹಾಗಾಗಿ ಆ 21 ಅನ್ನು ಬಿಟ್ಟುಬಿಡಿ. ಟೆಸ್ಟ್‌ಗೋಸ್ಕರ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಒಂದು ದಿನಕ್ಕೂ.

ನಿಮಗೆ ಆರು ನಿಮಿಷದ ನಡಿಗೆ. 30 ಮೀಟರ್ ನೇರ ಜಾಗದಲ್ಲಿ ಎರಡೂ ತುದಿಗೆ ಒಂದೊಂದು ಗುರುತು ಇಟ್ಟು ಆ ಕಡೆ ಈ ಕಡೆ ನಡೀರಿ. ಸುಸ್ತಾದರೆ ನಿಲ್ಲಬಹುದು, ಗಡಿಯಾರ ಓಡುತ್ತಿರಲಿ. ಒಟ್ಟು ಎಷ್ಟು ಮೀಟರ್ ಅನ್ನೋದೇ ಲೆಕ್ಕ. ಮನೆಯ ಹಾಲ್‌ನಲ್ಲಿ ಮಾಡಿದರೆ ತಿರುಗೋದರಲ್ಲೇ ಸಮಯ ಹೋಗಿ ಕಡಿಮೆ ಬರುತ್ತೆ. ಅದಕ್ಕೂ ಮುಂಚೆ ಆ ಏದುಸಿರಿನ ವಿಷಯ ನಿಮ್ಮ ಡಾಕ್ಟರ್‌ಗೆ ಹೇಳಿ. ಮೊದಲಿಗಿಂತ ಜಾಸ್ತಿ ಆಗಿದೆಯಾ ಅಂತ ಅವರು ಕೇಳ್ತಾರೆ. ಹಾಗೆ, ಸಕ್ಕರೆಗೆ ಊಟ ಆದಮೇಲಿನ ನಡಿಗೆ ಒಳ್ಳೇದು.

ತುಮಕೂರು ಅಜ್ಜಿ

ಸರಿ ಕಣಪ್ಪ. ಮಗನಿಗೆ ಇದನ್ನು ಓದಿಸ್ತೀನಿ.

ಒಂಟಿಕೊಪ್ಪಲ್ ನಿವಾಸಿ

ನನ್ನ 31ರಿಂದ ಏನು ತಿಳಿಯಬೇಕು ಸಾರ್?

ಶಿವಮೊಗ್ಗ ಫಿಸಿಯೋ

31 ಅನ್ನೋದಕ್ಕಿಂತ 138 ಅನ್ನೋದು ಉಪಯೋಗದ್ದು. ಆ ಸೂತ್ರ ಸುಮಾರು ಐದು ಅಂಕ ಆ ಕಡೆ ಈ ಕಡೆ ಆಗಬಹುದು. ನಾಡಿ ಎಣಿಸುವಾಗ ಒಂದು ಬಡಿತ ತಪ್ಪಿದರೆ ನಾಲ್ಕು ತಪ್ಪಿದ ಹಾಗೆ. ಪಾಯಿಂಟ್ ಆದಮೇಲಿನ ಮೂರಕ್ಕೆ ಅರ್ಥ ಇಲ್ಲ.

ಈಗ 138 ನೋಡಿ. ನಿಮ್ಮ ವಯಸ್ಸಿಗೆ ನಾಡಿ ಗರಿಷ್ಠ 179ರ ಹತ್ತಿರ ಇರಬಹುದು. ಅದೂ ಅಂದಾಜೇ. ಅಂದರೆ ಬಿರುಸು ನಡಿಗೆಯಲ್ಲೇ ನೀವು ಮುಕ್ಕಾಲು ಪಾಲು ಮುಟ್ಟಿದ್ದೀರಿ. ನಿಮಗೆ ಸದ್ಯಕ್ಕೆ ನಡಿಗೆಯೇ ವ್ಯಾಯಾಮ, ಓಟ ಬೇಕಾಗಿಲ್ಲ. ಇದೇ ವೇಗಕ್ಕೆ ನಾಡಿ 105 ಬಂದಿದ್ದರೆ ನಡಿಗೆ ಸಾಲದು, ಏರು ದಾರಿಯೋ ನಿಧಾನದ ಓಟವೋ ಹಾಕಿ ಅಂತಿದ್ದೆ. ನೀವು ಮೊದಲು ಕೇಳಿದ್ದು ಇದನ್ನೇ ಅಲ್ವಾ?

ಎಲ್ಲ ಸೇರಿಸಿದರೆ ನಿಮ್ಮ ಪ್ಲಾನ್ ಹೀಗೆ. ವಾರಕ್ಕೆ ಮೂರು ದಿನ 25ರಿಂದ 30 ನಿಮಿಷ ನಡಿಗೆ, ಟೆಸ್ಟ್ ವೇಗಕ್ಕಿಂತ ಸ್ವಲ್ಪ ನಿಧಾನ, ತುಂಡು ತುಂಡಾಗಿ ಮಾತಾಡೋಕೆ ಆಗುವಷ್ಟು. ಪುಷ್-ಅಪ್ 7 ಬಂದಿದ್ದಕ್ಕೆ ನಾಲ್ಕು ನಾಲ್ಕರಂತೆ ನಾಲ್ಕು ಸೆಟ್, ನಡುವೆ ಎರಡು ನಿಮಿಷ ಬಿಡುವು. ಪ್ರತಿ ಸಲ ಏಳರವರೆಗೆ ಹೋಗಿ ಬೀಳಬೇಡಿ. ಎಂಟನೆಯದರಲ್ಲಿ ಸೊಂಟ ಮೊದಲು ಏಳುತ್ತೆ ಅಂದಿರಿ, ಅಂದರೆ ಕೈಗಿಂತ ಹೊಟ್ಟೆ ಭಾಗ ಮೊದಲು ಸೋಲುತ್ತಿರಬಹುದು. ಪ್ಲ್ಯಾಂಕ್ ಸೇರಿಸಿ. ಬಸ್ಕಿಗೆ ಹಲಗೆ ಇಟ್ಟು ಎದೆಗೆ ಒಂದು ಡಂಬೆಲ್ ಹಿಡಿದುಕೊಂಡು, ಐದು ಕೆಜಿಯಿಂದ. ಹೆಗಲ ಮೇಲೆ ಬಾರ್ ಸದ್ಯಕ್ಕೆ ಬೇಡ. ಆ್ಯಂಕಲ್‌ಗೆ ಏನು ಮಾಡಬೇಕು ಅಂತ ಪರೀಕ್ಷೆ ಆದಮೇಲೆ ನೋಡೋಣ.

ಭುಜ ನೋಡಿಲ್ಲ. ಗೋಡೆಗೆ ಬೆನ್ನು ಒರಗಿಸಿ, ಸೊಂಟ ಬಿಲ್ಲಾಗದ ಹಾಗೆ ಹಿಡಿದು, ಕೈ ನೇರವಾಗಿ ತಲೆ ಮೇಲೆ ಎತ್ತಿ. ಹೆಬ್ಬೆರಳು ಗೋಡೆಗೆ ತಾಗುತ್ತಾ?

ಒಂಟಿಕೊಪ್ಪಲ್ ನಿವಾಸಿ

ನಾಲ್ಕು ಬೆರಳು ಅಂತರ ಉಳಿಯುತ್ತೆ. ಎದೆ ಗೂಡು ಉಬ್ಬಿಸಿದರೆ ತಾಗುತ್ತೆ.

ಶಿವಮೊಗ್ಗ ಫಿಸಿಯೋ

ಉಬ್ಬಿಸಿದರೆ ತಾಗೋದು ಬೆನ್ನಿನ ಲೆಕ್ಕದಲ್ಲಿ. ಕಾರ್ಡ್‌ನಲ್ಲಿ ತಲೆ ಮೇಲೆ ಭಾರ ಎತ್ತೋದು ಇದ್ದರೆ ತೆಗೆದುಹಾಕಿ. ಹೊಟ್ಟೆ ಮೇಲೆ ಮಲಗಿ ಕೈ ಎತ್ತೋದು, ಕೇಬಲ್ ಎಳೆಯೋದು ಮಾಡಿ.

ಸುಮ್ನೆ ಓಡು

ಇಷ್ಟು ಹೊತ್ತು ಓದಿದ ಮೇಲೆ ಒಂದು ಕೇಳ್ತೀನಿ. ಮತ್ತೆ ಯಾವಾಗ ಅಳೆಯೋದು? ಪ್ರತಿ ವಾರ ಅಳೀತಾ ಕೂತರೆ ವ್ಯಾಯಾಮ ಯಾವಾಗ?

ಶಿವಮೊಗ್ಗ ಫಿಸಿಯೋ

ಎಂಟು ವಾರ ಬಿಟ್ಟು. ಅದೇ ಹೊತ್ತು, ಅದೇ ಟವೆಲ್, ಅದೇ ಟ್ರ್ಯಾಕ್, ಅದೇ ಶೂ. ಪುಷ್-ಅಪ್ 7 ಇದ್ದದ್ದು 8 ಆದರೆ ಅದನ್ನು ಬೆಳವಣಿಗೆ ಅನ್ನಲ್ಲ, ನಿದ್ದೆ ಚೆನ್ನಾಗಿ ಬಂದರೂ ಒಂದು ಜಾಸ್ತಿ ಆಗುತ್ತೆ. 11 ಆದರೆ ನಂಬಬಹುದು. ಗೋಡೆ ಟೆಸ್ಟ್‌ನಲ್ಲಿ ಅರ್ಧ ಸೆಂಟಿಮೀಟರ್ ಟೇಪ್ ಹಿಡಿಯುವ ಕೈಯದ್ದು. ಎರಡು ಬಂದರೆ ಕೀಲಿನದ್ದು. ನಡಿಗೆಯಲ್ಲಿ ಎರಡನೇ ಸಲ ಹೇಗೂ ಸ್ವಲ್ಪ ಸುಧಾರಿಸುತ್ತೆ, ಯಾಕೆಂದರೆ ವೇಗ ಹಂಚಿಕೊಳ್ಳೋದು ಗೊತ್ತಾಗಿರುತ್ತೆ. ಅದಕ್ಕೇ ಈ ವಾರವೇ ಇನ್ನೊಮ್ಮೆ ನಡೆದು ಆ ಎರಡನೆಯದನ್ನೇ ಮೂಲ ಅಂತ ಇಟ್ಟುಕೊಳ್ಳಿ.

ಜಿಮ್ ಕೋಚ್ ಹಾಸನ

ಎಂಟು ವಾರ ಜಾಸ್ತಿ ಆಯ್ತು ಸಾರ್. ಹೊಸಬರಿಗೆ ಮೊದಲ ತಿಂಗಳಲ್ಲೇ ಬಲ ಬೇಗ ಏರುತ್ತೆ. ನಾನು ನಾಲ್ಕನೇ ವಾರ ಪುಷ್-ಅಪ್ ಒಂದನ್ನಾದರೂ ನೋಡ್ತೀನಿ. ಇಲ್ಲದಿದ್ದರೆ ನಾಲ್ಕರ ಸೆಟ್‌ನಲ್ಲೇ ಉಳಿದುಬಿಡ್ತಾರೆ.

ಶಿವಮೊಗ್ಗ ಫಿಸಿಯೋ

ಪುಷ್-ಅಪ್‌ಗೆ ಅದು ಸರಿ ಇರಬಹುದು. ಆ್ಯಂಕಲ್ ನಾಲ್ಕು ವಾರಕ್ಕೆ ನೋಡಿದರೆ ನಿರಾಸೆಯೇ ಜಾಸ್ತಿ.

ಗರಡಿ ಹುಡುಗ

ನಿವಾಸಿ ಅಣ್ಣ, ಹಲಗೆ ಯಾವಾಗ ತೆಗೀತೀರಿ? ಜೀವನಪೂರ್ತಿ ಹಲಗೆ ಮೇಲೆ ಬಸ್ಕಿ ಹೊಡೀತೀರಾ?

ಒಂಟಿಕೊಪ್ಪಲ್ ನಿವಾಸಿ

ಫಿಸಿಯೋ ಹತ್ತಿರ ಶನಿವಾರ ಸಮಯ ಸಿಕ್ಕಿದೆ. ಬಲ ಆ್ಯಂಕಲ್ ಎಷ್ಟು ಬಿಡುತ್ತೆ ಅಂತ ಅವರು ಹೇಳಿದ ಮೇಲೆ ಇಲ್ಲಿ ಬರೀತೀನಿ. ಅಲ್ಲಿಯವರೆಗೆ ಹಲಗೆ ಇರುತ್ತೆ.

ಶಿವಮೊಗ್ಗ ಫಿಸಿಯೋ

ಕೀಲಿನ ತಡೆಯೇ ಆಗಿದ್ದರೆ ಹಲಗೆ ಇಟ್ಟುಕೊಂಡೇ ಇದ್ದರೂ ತೊಂದರೆ ಇಲ್ಲ. ಭಾರ ಎತ್ತುವ ಸ್ಪರ್ಧೆಯವರ ಶೂಗೂ ಎತ್ತರದ ಹಿಮ್ಮಡಿ ಇರುತ್ತೆ.

ಗರಡಿ ಹುಡುಗ

ನಾನು ಬರಿಗಾಲಿನ ಪಕ್ಷ. ಶನಿವಾರ ಆದಮೇಲೆ ನೋಡೋಣ.